48 ಕೆಲಸ ಸೇರಿದವು. ಸರಿಯಾಗಿ ಸೇರಿದವೇನು?

ನಮ್ಮ ಸಂಘದ ಸ್ಮಾರಕ ದಾಖಲಾತಿ ಕೆಲಸದ ಪಟ್ಟಿ ಮೊದಲು ಒಂದು ಎಕ್ಸೆಲ್ ಹಾಳೆಯಲ್ಲಿತ್ತು. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಭಾಗದ ಹಳೇ ಗುಡಿ, ಬಸದಿ, ಮಠ, ಕೆರೆಗಳ ಫೋಟೋ ತೆಗೆಯೋದು, ನಕ್ಷೆಗೆ ಅಳತೆ ಹಿಡಿಯೋದು, ಶಾಸನ ಇದ್ದಲ್ಲಿ ಗುರುತು ಹಾಕೋದು, ಹಿಂಗ ಒಟ್ಟು 48 ಸಾಲು. 2025ರ ಆಗಸ್ಟ್ 3ರಿಂದ ಸೆಪ್ಟೆಂಬರ್ 21ರ ತನಕ ಎಂಟು ಭಾನುವಾರ, ಒಂದೊಂದು ಭಾನುವಾರಕ್ಕೆ ಆರು ಕೆಲಸ. ಆ ಹಾಳೆ ವಾಟ್ಸಾಪ್ ಗುಂಪಿನೊಳಗೆ ತಿರುಗಾಡಿ ‘ಫೈನಲ್’, ‘ಫೈನಲ್ 2’, ‘ಇದು ಖರೇ ಫೈನಲ್’ ಅಂತ ಮೂರು ಪ್ರತಿ ಆದ ಮೇಲೆ, ಇದನ್ನು ಟ್ರ್ಯಾಕರಿಗೆ ಹಾಕೋಣ ಅಂತ ತೀರ್ಮಾನ ಆಯಿತು. ಟ್ರ್ಯಾಕರಿನಲ್ಲಿ ಪ್ರತಿಯೊಂದು ಕೆಲಸಕ್ಕೂ ಒಂದೇ ಜಾಗ, ಒಬ್ಬ ಹೊಣೆಗಾರ, ಒಂದು ದಿನಾಂಕ, ಒಂದು ಸ್ಥಿತಿ ಇರುತ್ತದೆ.

ನಾವು ಹಿಡಿದದ್ದು ರೆಡ್‌ಮೈನ್. ಇದು ಪುಕ್ಕಟೆ, ಸ್ವಂತ ಸರ್ವರಿನಲ್ಲಿ ಕೂರಿಸಿಕೊಳ್ಳಬಹುದು, ಮತ್ತು 2015ರ 3.2ನೇ ಆವೃತ್ತಿಯಿಂದ ಸಿಎಸ್‌ವಿ ಫೈಲಿನಿಂದ ಕೆಲಸಗಳನ್ನು ಒಟ್ಟಿಗೆ ತರುವ ಸೌಲಭ್ಯ ಇದರೊಳಗೇ ಇದೆ. ನೀವು ಬಳಸೋದು ಜಿರಾ ಇರಲಿ, ಬೇರೆ ಯಾವುದೇ ಇರಲಿ, ಗುಂಡಿಗಳ ಹೆಸರು ಬದಲಾದೀತು, ಮುಂದೆ ಹೇಳುವ ಗೋಳು ಮಾತ್ರ ಹೆಚ್ಚುಕಮ್ಮಿ ಅದೇ.

ಗೋಳು ಏನಂದ್ರ, ಇಂಪೋರ್ಟ್ ಮುಗಿದ ಮೇಲೆ ಪರದೆಯ ಮೇಲೆ `48 items have been imported` ಅಂತ ಬರುತ್ತದೆ. ಇದನ್ನು ಓದಿ ಎಲ್ಲರೂ ಲ್ಯಾಪ್‌ಟಾಪ್ ಮುಚ್ಚಿ ಚಹಾಕ್ಕೆ ಎದ್ದು ಬಿಡ್ತಾರೆ. ಆದರೆ ಆ ಸಾಲು ಹೇಳೋದು 48 ದಾಖಲೆ ಹುಟ್ಟಿದವು ಅಂತ ಮಾತ್ರ. ಅವುಗಳಲ್ಲಿ ಎಷ್ಟಕ್ಕೆ ತಾಲೂಕು ಖಾಲಿ ಉಳಿಯಿತು, ಎಷ್ಟರ ಹೊಣೆಗಾರ ಮಾಯವಾದ, ಯಾವ ಆಗಸ್ಟ್ ಮಾರ್ಚ್ ಆಯಿತು, ಇದೊಂದನ್ನೂ ಅದು ಹೇಳೋದಿಲ್ಲ. ತನಗೆ ಗೊತ್ತಾಗದ ಬೆಲೆ ಸಿಕ್ಕಾಗ ರೆಡ್‌ಮೈನ್ ಕೆಲವು ಕಡೆ ಕೂಗುತ್ತದೆ, ಬಹಳ ಕಡೆ ಸುಮ್ಮನಿರುತ್ತದೆ. ಎಲ್ಲಿ ಸುಮ್ಮನಿರುತ್ತದೆ ಅಂತ ತಿಳಕೊಂಡರೆ ಅರ್ಧ ಕೆಲಸ ಮುಗೀತು.

ಮೊದಲು ಹಾಳೆಯನ್ನೇ ನೋಡಬೇಕು

ಮೂಲ ಹಾಳೆಯಲ್ಲಿ ಇದ್ದ ಕಾಲಮ್ಮುಗಳು ಆರು: ಕೆಲಸ, ಊರು, ತಾಲೂಕು, ಯಾರು, ದಿನ, ಸ್ಥಿತಿ. ನಾವು ಇದಕ್ಕೆ ಎಡಕ್ಕೆ ಇನ್ನೊಂದು ಸೇರಿಸಿದೆವು, ಪ್ರತಿ ಸಾಲಿಗೆ ಒಂದು ಗುರುತಿನ ಸಂಖ್ಯೆ. ಮೂರು ಸಾಲು ಇಲ್ಲಿವೆ:

```
ID,ಕೆಲಸ,ಊರು,ತಾಲೂಕು,ಯಾರು,ದಿನ,ಸ್ಥಿತಿ
GD01,ತ್ರಿಕೂಟೇಶ್ವರ ಗುಡಿ ಕಂಬಗಳ ಫೋಟೋ,ಗದಗ,ಗದಗ-ಬೆಟಗೇರಿ,ಹುಡುಗ್ರು,03/08/2025,ಅರ್ಧ ಆಗೇದ
GD19,ಸೋಮೇಶ್ವರ ಗುಡಿ ಹೊರಗೋಡೆ ಫೋಟೋ,ಲಕ್ಷ್ಮೇಶ್ವರ,ಲಕ್ಷ್ಮೇಶ್ವರ,,17/08/2025,
GD44,ದೊಡ್ಡಬಸಪ್ಪ ಗುಡಿ ನಕ್ಷೆ ಅಳತೆ,ಡಂಬಳ,Mundargi,ಸೀನಿಯರ್ ಅಕ್ಕ,07/09/2025,ಆಗಿಲ್ಲ
```

ಈ `GD01`, `GD19` ಯಾಕೆ ಬೇಕು ಅಂದರೆ, ಟ್ರ್ಯಾಕರಿಗೆ ಹೋದ ಮೇಲೆ ರೆಡ್‌ಮೈನ್ ತನ್ನದೇ ನಂಬರು ಕೊಡುತ್ತದೆ. ಹಾಳೆಯ 19ನೇ ಸಾಲು ಅಲ್ಲಿ ಕೆಲಸ ನಂಬರು 231 ಆಗಬಹುದು. ಆಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು ತಾಳೆ ನೋಡಬೇಕಾದರೆ ಎರಡೂ ಕಡೆ ಬದಲಾಗದ ಒಂದು ಗುರುತು ಬೇಕು. ಕೆಲಸದ ಹೆಸರನ್ನೇ ಗುರುತಾಗಿ ಬಳಸಬಹುದಲ್ಲ ಅಂತ ಕೇಳಬಹುದು. ‘ಕಂಬಗಳ ಫೋಟೋ’ ಅಂತ ನಾಲ್ಕು ಗುಡಿಗೆ ನಾಲ್ಕು ಸಲ ಬರುತ್ತದೆ, ಅದು ನಡೆಯೋದಿಲ್ಲ. ಬರೇ 01, 02 ಅಂತ ಕೊಟ್ಟರೆ ಎಕ್ಸೆಲ್ ಮುಂದಿನ ಸೊನ್ನೆ ನುಂಗಿಹಾಕುತ್ತದೆ. ಅಕ್ಷರ ಸೇರಿಸಿದರೆ ಆ ತಕರಾರಿಲ್ಲ.

ಇನ್ನು ತಾಲೂಕಿನ ಕಾಲಮ್ಮು. ಹಾಳೆಯಲ್ಲಿ ಪಿವಟ್ ಟೇಬಲ್ ಮಾಡಿ ಯಾವ ಬೆಲೆ ಎಷ್ಟು ಸಲ ಬಂದಿದೆ ಅಂತ ಎಣಿಸಿದರೆ ಹೀಗೆ ಸಿಗುತ್ತದೆ: ಗದಗ 9, ಗದಗ-ಬೆಟಗೇರಿ 5, ಬೆಟಗೇರಿ 2, ಲಕ್ಷ್ಮೇಶ್ವರ 10, Laxmeshwar 1, ಶಿರಹಟ್ಟಿ 13, ಮುಂಡರಗಿ 6, ಮುಂಡರ್ಗಿ 1, Mundargi 1. ಕೂಡಿಸಿದರೆ 48 ಸರಿ. ಆದರೆ ನಾಲ್ಕು ತಾಲೂಕಿಗೆ ಒಂಬತ್ತು ಹೆಸರು. ಗದಗ-ಬೆಟಗೇರಿ ಅನ್ನೋದು ನಗರಸಭೆಯ ಹೆಸರು, ತಾಲೂಕಿನ ಹೆಸರು ಗದಗ. ಬೆಟಗೇರಿ ಆ ಅವಳಿ ಊರಿನ ಒಂದು ಭಾಗ. ಮನುಷ್ಯರಿಗೆ ಮೂರೂ ಒಂದೇ, ಟ್ರ್ಯಾಕರಿಗೆ ಮೂರು ಬೇರೆ ಬೇರೆ.

ಆ ಶಿರಹಟ್ಟಿ 13ರೊಳಗೆ ಇನ್ನೊಂದು ಸಂಗತಿ ಅಡಗಿದೆ. ಲಕ್ಷ್ಮೇಶ್ವರ ಈಗ ಸ್ವತಂತ್ರ ತಾಲೂಕು, ಮೊದಲು ಶಿರಹಟ್ಟಿ ತಾಲೂಕಿನೊಳಗೇ ಇತ್ತು. ಹಳೇ ಪುಸ್ತಕ ನೋಡಿ ಪಟ್ಟಿ ಬರೆದವರು ಶಿಗ್ಲಿ, ಬಾಲೆಹೊಸೂರಿನಂಥ ಊರುಗಳ ಮುಂದೆ ‘ಶಿರಹಟ್ಟಿ’ ಅಂತ ಬರೆದಿರುತ್ತಾರೆ. ನಮ್ಮ ಹಾಳೆಯಲ್ಲಿ ಅಂಥವು ಮೂರು ಸಾಲು. ಕಾಗುಣಿತ ಸರಿ ಇದೆ, ಹೆಸರು ಸರಿ ಇದೆ, ಟ್ರ್ಯಾಕರ್ ಕಣ್ಣುಮುಚ್ಚಿ ಒಪ್ಪಿಕೊಳ್ಳುತ್ತದೆ. ಆದರೆ ನಾವು ಭಾನುವಾರದ ತಿರುಗಾಟವನ್ನು ತಾಲೂಕಿನ ಫಿಲ್ಟರ್ ಹಾಕಿಯೇ ನಿಗದಿ ಮಾಡೋದು. ಲಕ್ಷ್ಮೇಶ್ವರಕ್ಕೆ ಹೋದ ತಂಡದ ಪಟ್ಟಿಯಲ್ಲಿ ಶಿಗ್ಲಿ ಕಾಣಿಸೋದೇ ಇಲ್ಲ, ಅದರ ಪಕ್ಕದಲ್ಲೇ ಹಾದು ವಾಪಸ್ ಬರ್ತಾರೆ. ಇಂಥ ತಪ್ಪನ್ನು ಯಾವ ಸಾಫ್ಟ್‌ವೇರೂ ಹಿಡಿಯೋದಿಲ್ಲ. ಆ ಕಡೆಯ ಒಬ್ಬ ಹುಡುಗನನ್ನೋ ಹುಡುಗಿಯನ್ನೋ ಕೂರಿಸಿಕೊಂಡು ಊರು ಮತ್ತು ತಾಲೂಕು ಎರಡೇ ಕಾಲಮ್ಮು ಓದಿಸಬೇಕು. ಹತ್ತು ನಿಮಿಷದ ಕೆಲಸ. ತಿದ್ದಿದ ಮೇಲೆ ಲೆಕ್ಕ ಹೀಗೆ ಆಗುತ್ತದೆ: ಗದಗ 16, ಲಕ್ಷ್ಮೇಶ್ವರ 14, ಶಿರಹಟ್ಟಿ 10, ಮುಂಡರಗಿ 8. ಈ ನಾಲ್ಕು ಅಂಕಿಯನ್ನು ಒಂದು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ, ಕೊನೆಗೆ ಬೇಕಾಗುತ್ತವೆ.

ಕನ್ನಡದ್ದೇ ಆದ ತೊಡಕು

ಇಂಗ್ಲಿಷ್ ಟ್ಯುಟೋರಿಯಲ್‌ಗಳಲ್ಲಿ ಸಿಗದ ಭಾಗ ಇದು. ಹಾಳೆಯ ಕೆಲವು ಸಾಲುಗಳನ್ನು ಯಾರೋ ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿರಬಹುದು. ಹಳೇ ನುಡಿಯಲ್ಲಿ ಇರೋದು ನಿಜವಾದ ಕನ್ನಡ ಅಕ್ಷರ ಅಲ್ಲ, ಇಂಗ್ಲಿಷ್ ಕೋಡುಗಳಿಗೆ ಕನ್ನಡದ ಚಿತ್ರ ಹೊದಿಸಿದ್ದು. ಪರದೆಯ ಮೇಲೆ ‘ಗದಗ’ ಅಂತ ಕಾಣುವ ಸೆಲ್ಲಿನ ಒಳಗೆ ಇರೋದು `UÀzÀUÀ`. ಫಾಂಟ್ ಇರುವ ತನಕ ಚಂದ. ಸಿಎಸ್‌ವಿ ಫೈಲಿಗೆ ಫಾಂಟ್ ಅನ್ನೋದೇ ಇಲ್ಲ, ಹಾಗಾಗಿ ಟ್ರ್ಯಾಕರಿನಲ್ಲಿ `UÀzÀUÀ` ಬಂದು ಕೂರುತ್ತದೆ. ಇದನ್ನು ಮೊದಲೇ ಹಿಡಿಯೋದು ಸುಲಭ: ಸೆಲ್ಲಿನ ಮೇಲೆ ಕ್ಲಿಕ್ ಮಾಡಿ ಮೇಲಿನ ಫಾರ್ಮುಲಾ ಪಟ್ಟಿ ನೋಡಿ. ಅಲ್ಲಿಯೂ ಕನ್ನಡವೇ ಕಂಡರೆ ಯೂನಿಕೋಡ್. ಇಂಗ್ಲಿಷಿನ ವಿಚಿತ್ರ ಅಕ್ಷರ ಕಂಡರೆ ಹಳೇ ನುಡಿ. ಅಂಥ ಸಾಲುಗಳನ್ನು ಕನ್ವರ್ಟರಿನಲ್ಲಿ ಹಾಕಿ ಯೂನಿಕೋಡ್ ಮಾಡಿಕೊಂಡು, ಅರ್ಕಾವತ್ತು ಇರುವ ಶಬ್ದಗಳನ್ನು ಒಂದು ಸಲ ಕಣ್ಣಿಂದ ಓದಿ. ಹಳೇ ನುಡಿಯಲ್ಲಿ ಅರ್ಕಾವತ್ತು ಅಕ್ಷರದ ನಂತರ ಬರುತ್ತದೆ, ಯೂನಿಕೋಡಿನಲ್ಲಿ ಮೊದಲು. ಜಾಗ ತಪ್ಪುವ ಸಂಭವ ಅಲ್ಲೇ ಹೆಚ್ಚು.

ಯೂನಿಕೋಡ್ ಆದರೂ ಒಂದು ಸೂಕ್ಷ್ಮ ಉಳಿದಿದೆ. ‘ೇ’ ಅನ್ನುವ ಸ್ವರಚಿಹ್ನೆಯನ್ನು ಎರಡು ರೀತಿ ಬರೆಯಬಹುದು: ಒಂದೇ ಕೋಡು, ಇಲ್ಲವೇ ‘ೆ’ ಮತ್ತು ದೀರ್ಘದ ಗುರುತು ಸೇರಿ ಎರಡು ಕೋಡು. ಕಣ್ಣಿಗೆ ಎರಡೂ ಒಂದೇ. ‘ಲಕ್ಷ್ಮೇಶ್ವರ’ ಮತ್ತು ‘ಬೆಟಗೇರಿ’ ಎರಡರಲ್ಲೂ ಈ ಚಿಹ್ನೆ ಇದೆ. ಪತ್ತೆ ಹಚ್ಚಲು ಉದ್ದ ಅಳೆಯುವ ಫಾರ್ಮುಲಾ ಸಾಕು:

```
=LEN(D20)
```

ಸರಿಯಾಗಿ ಬರೆದ ಲಕ್ಷ್ಮೇಶ್ವರಕ್ಕೆ 11 ಬರಬೇಕು, ಮುಂಡರಗಿಗೆ 7, ಶಿರಹಟ್ಟಿಗೆ 8. ಲಕ್ಷ್ಮೇಶ್ವರದ ಒಂದು ಸಾಲಿಗೆ 12 ಬಂದರೆ, ಒಂದೋ ಈ ಎರಡು ಕೋಡಿನ ‘ೇ’, ಇಲ್ಲವೇ ಕಣ್ಣಿಗೆ ಕಾಣದ ಯಾವುದೋ ಅಕ್ಷರ ಅಂಟಿಕೊಂಡಿದೆ. ವೆಬ್ ಪುಟದಿಂದ ಕಾಪಿ ಮಾಡಿದ ಹೆಸರುಗಳಿಗೆ ಇದು ಬಹಳ ಸಲ ಆಗುತ್ತದೆ, ಮತ್ತು `TRIM` ಎಲ್ಲವನ್ನೂ ಒರೆಸೋದಿಲ್ಲ. ಟ್ರ್ಯಾಕರಿನ ಹಿಂದಿರುವ ಡೇಟಾಬೇಸ್ ಯಾವುದು ಅನ್ನೋದರ ಮೇಲೆ ಇವೆರಡೂ ಒಂದೇ ಅಂತ ಹೊಂದಬಹುದು, ಹೊಂದದೆಯೂ ಇರಬಹುದು. ಅದೃಷ್ಟದ ಮೇಲೆ ಬಿಡೋದಕ್ಕಿಂತ, ಸರಿಯಾದ ನಾಲ್ಕು ಹೆಸರನ್ನು ಒಂದು ಕಡೆ ಬರೆದು ಅವನ್ನೇ ಎಲ್ಲಾ ಸಾಲಿಗೂ ಕಾಪಿ ಮಾಡೋದು ಒಳ್ಳೆಯದು. ಡ್ರಾಪ್‌ಡೌನ್ ಇಟ್ಟರೆ ಇನ್ನೂ ಒಳ್ಳೆಯದು.

ಸೇವ್ ಮಾಡುವಾಗ ಎಕ್ಸೆಲ್‌ನಲ್ಲಿ `CSV (Comma delimited)` ಮತ್ತು `CSV UTF-8 (Comma delimited)` ಅಂತ ಎರಡು ಸಿಗುತ್ತವೆ. ಮೊದಲನೆಯದನ್ನು ಆರಿಸಿದರೆ ಕನ್ನಡದ ಪ್ರತಿ ಅಕ್ಷರವೂ `?` ಆಗಿ ಉಳಿಯುತ್ತದೆ, ಆ ಫೈಲಿನಿಂದ ಮತ್ತೆ ಕನ್ನಡ ತೆಗೆಯೋಕೆ ಬರೋದಿಲ್ಲ. ಎರಡನೆಯದೇ ಬೇಕು. ಗೂಗಲ್ ಶೀಟ್ಸ್ ತಾನಾಗಿಯೇ ಯುಟಿಎಫ್-8 ಕೊಡುತ್ತದೆ, ಲಿಬ್ರೆ ಆಫೀಸ್ ಕೇಳಿ ಕೊಡುತ್ತದೆ. ಮೂಲ ಎಕ್ಸೆಲ್ ಫೈಲನ್ನು ಬೇರೆಯಾಗಿ ಇಟ್ಟುಕೊಂಡಿರಿ ಅಂತ ಬೇರೆ ಹೇಳಬೇಕಾಗಿಲ್ಲ.

ದಿನಾಂಕ: ಅರ್ಧ ಕೂಗುತ್ತದೆ, ಅರ್ಧ ಸುಮ್ಮನಿರುತ್ತದೆ

ನಾವು 03/08/2025 ಅಂತ ಬರೆದರೆ ಆಗಸ್ಟ್ 3. ಅಮೆರಿಕದ ಕ್ರಮದಲ್ಲಿ ಅದು ಮಾರ್ಚ್ 8. ರೆಡ್‌ಮೈನ್ ಇಂಪೋರ್ಟಿನ `Options` ಪುಟದಲ್ಲಿ `Date format` ಅಂತ ಒಂದು ಪಟ್ಟಿ ಇದೆ. ಅಲ್ಲಿ `DD/MM/YYYY` ಬದಲು `MM/DD/YYYY` ಉಳಿದುಬಿಟ್ಟಿತು ಅಂತ ಇಟ್ಟುಕೊಳ್ಳಿ. ಏನಾಗುತ್ತದೆ?

ನಮ್ಮ ಎಂಟು ಭಾನುವಾರಗಳು ಆಗಸ್ಟ್ 3, 10, 17, 24, 31 ಮತ್ತು ಸೆಪ್ಟೆಂಬರ್ 7, 14, 21. ಇವುಗಳಲ್ಲಿ 17/08, 24/08, 31/08, 14/09, 21/09 ಐದಕ್ಕೂ 12ಕ್ಕಿಂತ ದೊಡ್ಡ ದಿನ ಇದೆ. ಹದಿನೇಳನೇ ತಿಂಗಳು ಅಂತ ಯಾವುದೂ ಇಲ್ಲವಲ್ಲ, ರೆಡ್‌ಮೈನ್ ಆ ಸಾಲುಗಳನ್ನು ತಿರಸ್ಕರಿಸುತ್ತದೆ. ಐದು ಭಾನುವಾರಕ್ಕೆ ಆರರಂತೆ 30 ಸಾಲು, ಪರದೆಯ ಮೇಲೆ `30 out of 48 items could not be imported`, ಕೆಳಗೆ ಯಾವ ಸಾಲು, ಯಾಕೆ ಅಂತ ಪಟ್ಟಿ. ಇದು ಕೂಗುವ ತಪ್ಪು.

ಉಳಿದ 18 ಸಾಲು ಏನಾದವು? 03/08 ಮಾರ್ಚ್ 8 ಆಯಿತು, 10/08 ಅಕ್ಟೋಬರ್ 8 ಆಯಿತು, 07/09 ಜುಲೈ 9 ಆಯಿತು. ಯಾವ ದೂರೂ ಇಲ್ಲದೆ ಒಳಗೆ ಸೇರಿಕೊಂಡವು. ಇಲ್ಲಿ ಜನ ಸಾಮಾನ್ಯವಾಗಿ ಮಾಡೋದು ಏನಂದ್ರ, ಬಿದ್ದುಹೋದ 30 ಸಾಲನ್ನು ಮಾತ್ರ ಬೇರೆ ಫೈಲಿಗೆ ತೆಗೆದು, ಫಾರ್ಮ್ಯಾಟ್ ಸರಿಮಾಡಿ, ಮತ್ತೆ ಇಂಪೋರ್ಟ್ ಮಾಡಿ, 48 ಆಯಿತು ಅಂತ ನಿಟ್ಟುಸಿರು ಬಿಡೋದು. ಮೊದಲ ಸುತ್ತಿನಲ್ಲಿ ‘ಪಾಸಾದ’ 18 ಸಾಲು ಹಾಗೇ ತಪ್ಪು ದಿನಾಂಕದೊಂದಿಗೆ ಉಳಿಯುತ್ತವೆ. ದಿನಾಂಕದ ತಪ್ಪಿನಿಂದ ಒಂದೇ ಒಂದು ಸಾಲು ಬಿದ್ದರೂ ಪಾಸಾದವನ್ನೂ ಸೇರಿಸಿ ಎಲ್ಲಾ ಅಳಿಸಿ ಮೊದಲಿಂದ ಶುರುಮಾಡಬೇಕು ಅನ್ನೋದು ನಮ್ಮ ಪಕ್ಕಾ ಅಭಿಪ್ರಾಯ.

ಇನ್ನೂ ಹಿಂದಕ್ಕೆ ಹೋದರೆ, ಇದೇ ಅದಲುಬದಲು ಎಕ್ಸೆಲ್ ಒಳಗೇ ಆಗಿರಬಹುದು. ಅಮೆರಿಕದ ಸೆಟ್ಟಿಂಗ್ ಇರುವ ಲ್ಯಾಪ್‌ಟಾಪಿನಲ್ಲಿ 03/08/2025 ಟೈಪ್ ಮಾಡಿದರೆ ಎಕ್ಸೆಲ್ ಅದನ್ನು ಮಾರ್ಚ್ 8 ಅಂತಲೇ ಇಟ್ಟುಕೊಳ್ಳುತ್ತದೆ. 17/08/2025 ಅರ್ಥವಾಗದೆ ಬರೇ ಅಕ್ಷರವಾಗಿ ಉಳಿಯುತ್ತದೆ. ಗುರುತು ಇದು: ಒಂದೇ ಕಾಲಮ್ಮಿನಲ್ಲಿ ಕೆಲವು ದಿನಾಂಕ ಬಲಕ್ಕೆ, ಕೆಲವು ಎಡಕ್ಕೆ ಅಂಟಿಕೊಂಡಿರುತ್ತವೆ. `=ISNUMBER(F2)` ಹಾಕಿ ಎಳೆದರೆ `TRUE` ಮತ್ತು `FALSE` ಬೆರೆತು ಬರುತ್ತದೆ. ಹಾಗೆ ಬಂದರೆ `TRUE` ಇರುವ ಸಾಲುಗಳನ್ನೇ ಹೆಚ್ಚು ಅನುಮಾನಿಸಬೇಕು.

ನಮಗೆ ಇಲ್ಲಿ ಒಂದು ಅನುಕೂಲ ಇದೆ. ಎಲ್ಲಾ ಕೆಲಸವೂ ಭಾನುವಾರ. ಎಲ್ಲಾ ದಿನಾಂಕವನ್ನೂ ನಿಜವಾದ ದಿನಾಂಕ ಮಾಡಿಕೊಂಡ ಮೇಲೆ:

```
=WEEKDAY(F2)
```

ಭಾನುವಾರಕ್ಕೆ 1 ಬರುತ್ತದೆ. ಮಾರ್ಚ್ 8 ಶನಿವಾರ, ಅಕ್ಟೋಬರ್ 8 ಮತ್ತು ಜುಲೈ 9 ಎರಡೂ ಬುಧವಾರ. ಅದಲುಬದಲಾದ ಒಂದು ಸಾಲೂ ಇದರಿಂದ ತಪ್ಪಿಸಿಕೊಳ್ಳೋದಿಲ್ಲ. ನಿಮ್ಮ ಪಟ್ಟಿಯಲ್ಲಿ ಭಾನುವಾರದಂಥ ನಿಯಮ ಇಲ್ಲದಿದ್ದರೆ ಬೇರೆ ಯಾವುದಾದರೂ ಇರುತ್ತದೆ: ಎಲ್ಲಾ ದಿನಾಂಕ ಸೆಮಿಸ್ಟರ್ ಒಳಗೇ ಬೀಳಬೇಕು, ಯಾವುದೂ ಪರೀಕ್ಷೆಯ ವಾರದಲ್ಲಿ ಇರಬಾರದು, ಹೀಗೆ. ಎಲ್ಲಾ ಸರಿ ಆದ ಮೇಲೆ `=TEXT(F2,"yyyy-mm-dd")` ಅಂತ ಹೊಸ ಕಾಲಮ್ಮು ಮಾಡಿ ಅದನ್ನೇ ಸಿಎಸ್‌ವಿಗೆ ಕಳಿಸಿ, ರೆಡ್‌ಮೈನಿನಲ್ಲೂ `YYYY-MM-DD` ಆರಿಸಿ. ಆಗ 2025-08-03 ಅನ್ನೋದಕ್ಕೆ ಎರಡನೇ ಅರ್ಥ ಇರೋದಿಲ್ಲ.

ಯಾವ ಕಾಲಮ್ಮು ಯಾವ ಫೀಲ್ಡಿಗೆ

ಟ್ರ್ಯಾಕರಿನ ಕಡೆ ಮೊದಲು ಜಾಗ ಸಿದ್ಧ ಇರಬೇಕು. ಪ್ರಾಜೆಕ್ಟ್ ಸೆಟ್ಟಿಂಗಿನಲ್ಲಿ ನಾಲ್ಕು ತಾಲೂಕನ್ನು `Category` ಆಗಿ ಸೇರಿಸಿದೆವು. ಗುರುತಿನ ಸಂಖ್ಯೆಗೆ ಮತ್ತು ಊರಿಗೆ ಎರಡು ಕಸ್ಟಮ್ ಫೀಲ್ಡ್ ಮಾಡಿಸಿದೆವು. ಇದಕ್ಕೆ ಅಡ್ಮಿನ್ ಬೇಕು. ಆ ಫೀಲ್ಡುಗಳನ್ನು ನಮ್ಮ ಪ್ರಾಜೆಕ್ಟಿಗೂ ನಮ್ಮ ಟ್ರ್ಯಾಕರ್ ಬಗೆಗೂ ತೆರೆದಿಡದಿದ್ದರೆ ಇಂಪೋರ್ಟ್ ಪುಟದಲ್ಲಿ ಅವು ಕಾಣಿಸೋದೇ ಇಲ್ಲ. ತಂಡದವರೆಲ್ಲ ಪ್ರಾಜೆಕ್ಟಿನ ಸದಸ್ಯರಾಗಿರಬೇಕು. ಆಮೇಲೆ `Issues` ಪುಟದ ಬಲ ಮೇಲಿನ ಮೂರು ಚುಕ್ಕಿಯ ಮೆನುವಿನಲ್ಲಿ `Import`, ಫೈಲ್ ಕೊಡೋದು, `Options` ತುಂಬೋದು, ಮುಂದೆ `Fields mapping`.

ಹೊಂದಿಕೆ ಹೇಳಬೇಕೆಂದರೆ ಸರಳ. ಕೆಲಸ `Subject`ಗೆ, ತಾಲೂಕು `Category`ಗೆ, ಯಾರು `Assignee`ಗೆ, ದಿನ `Due date`ಗೆ, ಸ್ಥಿತಿ `Status`ಗೆ, ಊರು ಮತ್ತು `ID` ತಂತಮ್ಮ ಕಸ್ಟಮ್ ಫೀಲ್ಡಿಗೆ. ಹೆಡ್ಡಿಂಗ್ ಇಂಗ್ಲಿಷಿನಲ್ಲೇ `Subject`, `Status` ಅಂತ ಇದ್ದರೆ ಹೊಸ ಆವೃತ್ತಿಗಳು ತಾವೇ ಹೊಂದಿಸಿಕೊಡುತ್ತವೆ. ಕನ್ನಡದ ಹೆಡ್ಡಿಂಗ್ ಆದರೆ ಒಂದೊಂದೇ ಕೈಯಿಂದ ಆರಿಸಬೇಕು. ಅದೇ ಒಳ್ಳೆಯದು ಅಂತ ನಮಗನಿಸಿದೆ, ಯಾಕಂದ್ರ ಆರಿಸುವಾಗ ನೋಡುತ್ತೇವೆ.

ಕಾಲಮ್ಮು ಹೊಂದಿದರೆ ಸಾಲದು, ಒಳಗಿನ ಬೆಲೆಯೂ ಹೊಂದಬೇಕು. ನಿಜವಾದ ತೊಂದರೆ ಇರೋದು ಇಲ್ಲಿ. ಜಿರಾದ ಇಂಪೋರ್ಟರ್ ‘ನಿಮ್ಮ ಹಾಳೆಯ ಈ ಬೆಲೆ ನಮ್ಮಲ್ಲಿ ಯಾವುದು’ ಅಂತ ಬೆಲೆಗಳನ್ನೂ ಹೊಂದಿಸಲು ಒಂದು ಹೆಜ್ಜೆ ಕೊಡುತ್ತದೆ. ರೆಡ್‌ಮೈನ್ ಕೊಡೋದಿಲ್ಲ, ಹಾಳೆಯಲ್ಲೇ ಮಾಡಿಕೊಂಡು ಬರಬೇಕು. `Status` ಕಾಲಮ್ಮಿನಲ್ಲಿ ‘ಅರ್ಧ ಆಗೇದ’ ಅಂತ ಇದ್ದರೆ, ಆ ಹೆಸರಿನ ಸ್ಥಿತಿ ತನ್ನಲ್ಲಿ ಇಲ್ಲದ ಕಾರಣ ರೆಡ್‌ಮೈನ್ ಅದನ್ನು ಬಿಟ್ಟು, ಹೊಸ ಕೆಲಸಕ್ಕೆ ಮಾಮೂಲಾಗಿ ಕೊಡುವ `New` ಕೊಡುತ್ತದೆ. ದೂರು ಇಲ್ಲ. ಅರ್ಧ ಮುಗಿದ ಕೆಲಸ, ಪೂರ್ತಿ ಮುಗಿದ ಕೆಲಸ ಎಲ್ಲಾ ಹೊಸದಾಗಿ ಬಂದು ನಿಲ್ಲುತ್ತವೆ, ಮತ್ತೊಬ್ಬರು ಹೋಗಿ ಅದೇ ಫೋಟೋ ಮತ್ತೆ ತೆಗೀತಾರೆ. ನಮ್ಮ ಹಾಳೆಯಲ್ಲಿ ‘ಮುಗೀತು’ 5, ‘ಅರ್ಧ ಆಗೇದ’ 4, ‘ಆಗಿಲ್ಲ’ 20, ಖಾಲಿ 19. ಇವನ್ನು ಕ್ರಮವಾಗಿ `Closed`, `In Progress`, `New`, `New` ಅಂತ ಬದಲಾಯಿಸಿದರೆ 5, 4, 39 ಆಗಬೇಕು. ಬೆಲೆ ಸರಿ ಇದ್ದೂ `Closed` ಬರಲಿಲ್ಲ ಅಂದರೆ ವರ್ಕ್‌ಫ್ಲೋ ನೋಡಿ. ಹೊಸದಾಗಿ ಹುಟ್ಟುವ ಕೆಲಸ ಯಾವ ಯಾವ ಸ್ಥಿತಿಯಲ್ಲಿ ಹುಟ್ಟಬಹುದು ಅಂತ ನಿಮ್ಮ ರೋಲಿಗೆ ಅಲ್ಲಿ ಅನುಮತಿ ಬೇಕಾಗುತ್ತದೆ.

`Assignee` ಕೂಡ ಹಾಗೇ. ಲಾಗಿನ್, ಇಮೇಲ್, ಇಲ್ಲವೇ ಪೂರ್ತಿ ಹೆಸರು ಹೊಂದಿದರೆ ಮಾತ್ರ ಹೊಣೆಗಾರ ಸಿಗುತ್ತಾನೆ. ‘ಹುಡುಗ್ರು’, ‘ಸೀನಿಯರ್ ಅಕ್ಕ’, ‘ನಾನೇ’ ಅನ್ನುವ ಹೆಸರಿನ ಸದಸ್ಯರು ಯಾವ ಸರ್ವರಿನಲ್ಲೂ ಇಲ್ಲ. ಅಂಥ ಸಾಲುಗಳು ಹೊಣೆಗಾರ ಇಲ್ಲದೆ ಸೇರುತ್ತವೆ. ಹಾಳೆಯಲ್ಲೇ ಎಲ್ಲರನ್ನೂ ಲಾಗಿನ್ ಹೆಸರಿಗೆ ಬದಲಾಯಿಸಿ. ‘ಹುಡುಗ್ರು’ ಅಂದರೆ ಯಾರು ಅಂತ ಆಗಲೇ ಕೇಳಿ ತೀರ್ಮಾನಿಸೋದು ಜಗಳ ಕಮ್ಮಿ ಮಾಡುತ್ತದೆ.

ತಾಲೂಕಿಗೆ ಒಂದು ಆಯ್ಕೆ ಇದೆ: ಇಲ್ಲದ `Category`ಗಳನ್ನು ತಾನೇ ಹುಟ್ಟಿಸಲೇ ಅಂತ ಒಂದು ಟಿಕ್. ತಿದ್ದದ ಹಾಳೆಗೆ ಈ ಟಿಕ್ ಹಾಕಿದರೆ ನಾಲ್ಕರ ಬದಲು ಒಂಬತ್ತು ತಾಲೂಕು ಆಗುತ್ತವೆ, ಎಲ್ಲಾ ತುಂಬಿದಂತೆ ಕಾಣುತ್ತದೆ, ಅನುಮಾನ ಬರೋದಿಲ್ಲ. ಟಿಕ್ ಹಾಕದಿದ್ದರೆ ಹೊಂದದ ಹತ್ತು ಸಾಲು (ಗದಗ-ಬೆಟಗೇರಿಯ 5, ಬೆಟಗೇರಿಯ 2, ಉಳಿದ ಮೂರು) ತಾಲೂಕು ಖಾಲಿಯಾಗಿ ಬರುತ್ತವೆ. ಖಾಲಿಯನ್ನು ಫಿಲ್ಟರಿನಲ್ಲಿ ಹುಡುಕಬಹುದು, ತಪ್ಪು ಹೆಸರನ್ನು ಹುಡುಕೋದು ಕಷ್ಟ. ಟಿಕ್ ಬೇಡ ಅಂತಲೇ ನಮ್ಮ ಸಲಹೆ. ಇಮೇಲ್ ಸೂಚನೆ ಕಳಿಸುವ ಟಿಕ್ಕನ್ನೂ ಮುಟ್ಟಬೇಡಿ. ಒಬ್ಬೊಬ್ಬರ ಮೇಲ್‌ಬಾಕ್ಸಿಗೆ ಒಮ್ಮೆಲೇ ಹತ್ತಾರು ಮೇಲ್ ಬಿದ್ದರೆ ಮುಂದೆ ಟ್ರ್ಯಾಕರಿನ ಮೇಲ್ ಯಾರೂ ತೆರೆಯೋದಿಲ್ಲ.

ಮೊದಲ ಓಟ ಒಂದು ಪರೀಕ್ಷಾ ಪ್ರಾಜೆಕ್ಟಿನಲ್ಲಿ, ಆರೇ ಸಾಲಿನಿಂದ ಆಗಲಿ. ಮೊದಲ ಆರು ಸಾಲು ಬೇಡ, ಆರಿಸಿದ ಆರು: ತಾಲೂಕಿಗೆ ಒಂದೊಂದು, ಮುಗಿದ ಒಂದು ಕೆಲಸ, ವಿವರದಲ್ಲಿ ಅಲ್ಪವಿರಾಮ ಇರುವ ಒಂದು. ದಿನಾಂಕಗಳಲ್ಲಿ 12ಕ್ಕಿಂತ ಕಮ್ಮಿ ಮತ್ತು ಹೆಚ್ಚು ಎರಡೂ ಇರಲಿ. ರೆಡ್‌ಮೈನ್ ಇಂಪೋರ್ಟಿಗೆ ‘ಅನ್‌ಡೂ’ ಇಲ್ಲ. ತಪ್ಪಾದರೆ ಇವತ್ತು ನಾವೇ ಸೇರಿಸಿದ ಕೆಲಸಗಳನ್ನು ಫಿಲ್ಟರ್ ಮಾಡಿ, ಎಲ್ಲಾ ಆರಿಸಿ, ರೈಟ್ ಕ್ಲಿಕ್ ಮಾಡಿ ಅಳಿಸಬೇಕು, ಅದಕ್ಕೂ ಅನುಮತಿ ಇರಬೇಕು.

ವಾಪಸ್ ತಂದು ತಾಳೆ ನೋಡೋದು

ಪೂರ್ತಿ ಇಂಪೋರ್ಟ್ ಆದ ಮೇಲೆ ಪಟ್ಟಿ ತೆರೆದರೆ 48ರ ಬದಲು 43 ಕಾಣುತ್ತದೆ. ಗಾಬರಿ ಬೇಡ. ರೆಡ್‌ಮೈನ್ ಮಾಮೂಲಾಗಿ ಮುಗಿಯದ ಕೆಲಸಗಳನ್ನಷ್ಟೇ ತೋರಿಸುತ್ತದೆ, ಮುಗಿದ 5 ಹೊರಗಿವೆ. ಒಂದು ರೀತಿ ಇದು ಶುಭಶಕುನ, `Closed` ಸರಿಯಾಗಿ ಹೊಂದಿದೆ ಅಂತ ಅರ್ಥ. 48 ಕಂಡಿದ್ದರೇ ಚಿಂತೆ ಮಾಡಬೇಕಿತ್ತು. `Status` ಫಿಲ್ಟರ್ ತೆಗೆದು, `Category` ಪ್ರಕಾರ ಗುಂಪು ಮಾಡಿ. ಪ್ರತಿ ಗುಂಪಿನ ಪಕ್ಕದಲ್ಲಿ ಎಣಿಕೆ ಬರುತ್ತದೆ. ಕಾಗದದ ಮೇಲಿನ 16, 14, 10, 8 ಜೊತೆ ಹೋಲಿಸಿ. ಆಮೇಲೆ `Status` ಪ್ರಕಾರ, `Due date` ಪ್ರಕಾರ. ಎಂಟು ದಿನಾಂಕ, ಒಂದೊಂದಕ್ಕೆ ಆರು. ಒಂಬತ್ತನೇ ದಿನಾಂಕ ಕಂಡರೆ ಅದೇ ತಪ್ಪು.

ಎಣಿಕೆ ಹೊಂದಿದರೂ ಸಾಲುಗಳು ಒಳಗೊಳಗೇ ಅದಲುಬದಲಾಗಿರಬಹುದು. ಗದಗದ ಒಂದು ಕೆಲಸ ಮುಂಡರಗಿಗೆ, ಮುಂಡರಗಿಯದು ಗದಗಕ್ಕೆ ಹೋದರೆ ಎಣಿಕೆ ಬದಲಾಗೋದಿಲ್ಲ. ವಿಂಗಡಿಸುವಾಗ ಒಂದೇ ಕಾಲಮ್ಮನ್ನು ಆರಿಸಿ ಸಾರ್ಟ್ ಮಾಡಿದ ಹಾಳೆಗಳಲ್ಲಿ ಹೀಗಾಗುತ್ತದೆ. ಅದಕ್ಕೆ ಪಟ್ಟಿಯ ಕೆಳಗಿನ `CSV` ಕೊಂಡಿಯಿಂದ ಎಲ್ಲಾ ಕಾಲಮ್ಮುಗಳನ್ನು ಯುಟಿಎಫ್-8ರಲ್ಲಿ ಹೊರತನ್ನಿ. ಫಿಲ್ಟರ್ ಇದ್ದರೆ ಅಷ್ಟೇ ಹೊರಬರುತ್ತದೆ ಅನ್ನೋದು ನೆನಪಿರಲಿ. ಅದನ್ನು ಹಾಳೆಯ ಹೊಸ ಟ್ಯಾಬಿಗೆ `Export` ಅಂತ ಹೆಸರಿಟ್ಟು ಹಾಕಿ, ಗುರುತಿನ ಸಂಖ್ಯೆಯ ಕಾಲಮ್ಮನ್ನು ಮೊದಲಿಗೆ ತಂದು, ಉಳಿದವನ್ನು ಮೂಲದ ಕ್ರಮಕ್ಕೆ ಜೋಡಿಸಿ. ತಾಲೂಕು ನಾಲ್ಕನೇ ಕಾಲಮ್ಮಾದರೆ:

```
=IF(VLOOKUP(A2,Export!A:G,4,FALSE)=D2,"","ನೋಡು")
```

ಮೂಲ ಹಾಳೆ ಅಂದರೆ ಇಲ್ಲಿ ತಿದ್ದುವ ಮೊದಲಿನದು ಅಲ್ಲ, ತಿದ್ದಿ ಸಿಎಸ್‌ವಿ ಮಾಡಿದ್ದು. ಇದನ್ನೇ ದಿನ, ಸ್ಥಿತಿ, ಯಾರು ಕಾಲಮ್ಮುಗಳಿಗೂ ಹಾಕಿ. ದಿನಾಂಕದ ಹೋಲಿಕೆಯಲ್ಲಿ ಎರಡೂ ಕಡೆ ಒಂದೇ ರೂಪ ಇರುವಂತೆ ನೋಡಿಕೊಳ್ಳಿ, ಇಲ್ಲದಿದ್ದರೆ 48ಕ್ಕೆ 48 ‘ನೋಡು’ ಬರುತ್ತವೆ. `Assignee` ಲಾಗಿನ್ ಬದಲು ಪೂರ್ತಿ ಹೆಸರಾಗಿ ಹೊರಬರುತ್ತದೆ, ಅದಕ್ಕೆ ಒಂದು ಸಣ್ಣ ಜೋಡಿ ಪಟ್ಟಿ ಬೇಕು. `#N/A` ಬಂದ ಸಾಲು ಟ್ರ್ಯಾಕರಿನಲ್ಲಿ ಇಲ್ಲವೇ ಇಲ್ಲ. ಎಣಿಕೆ 48 ಇದ್ದೂ `#N/A` ಬಂತೆಂದರೆ, ಬೇರೆ ಯಾವುದೋ ಸಾಲು ಎರಡು ಸಲ ಸೇರಿದೆ.

ಈ ತಾಳೆಗೂ ಒಂದು ಮಿತಿ ಇದೆ. ಹಾಳೆಯಿಂದ ಟ್ರ್ಯಾಕರಿಗೆ ಹೋಗುವ ದಾರಿಯಲ್ಲಿ ಆದ ಬದಲಾವಣೆಯನ್ನು ಮಾತ್ರ ಇದು ಹಿಡಿಯುತ್ತದೆ. ಹಾಳೆಯಲ್ಲೇ ಮಾರ್ಚ್ 8 ಅಂತ ಕೂತಿದ್ದರೆ ಟ್ರ್ಯಾಕರಿನಲ್ಲೂ ಮಾರ್ಚ್ 8, ಎರಡೂ ಒಂದೇ, ‘ನೋಡು’ ಬರೋದಿಲ್ಲ. ಶಿಗ್ಲಿಯನ್ನು ಶಿರಹಟ್ಟಿಗೆ ಹಾಕಿದ ಸಾಲೂ ಅಷ್ಟೇ. ಅವಕ್ಕೆ ಹಾಳೆಯ ಹೊರಗಿನ ಸಾಕ್ಷಿಯೇ ಬೇಕು: ಕ್ಯಾಲೆಂಡರಿನ ಭಾನುವಾರ, ಆ ಊರಿನ ಮನುಷ್ಯ.

ತಾಳೆ ಮುಗಿದ ದಿನವೇ ಹಳೇ ಹಾಳೆಯನ್ನು ಓದಲು ಮಾತ್ರ ಅಂತ ಬದಲಾಯಿಸಿ, ಮೇಲಿನ ಸಾಲಿನಲ್ಲಿ ಟ್ರ್ಯಾಕರಿನ ಕೊಂಡಿ ಹಾಕಿದೆವು. ಇಲ್ಲದಿದ್ದರೆ ಯಾರಾದರೂ ಒಬ್ಬರು ಹಾಳೆಯಲ್ಲೇ ‘ಮುಗೀತು’ ಬರೀತಾ ಹೋಗ್ತಾರೆ, ವಾರ ಕಳೆಯೋದರೊಳಗೆ ಎರಡು ಸತ್ಯ ಆಗ್ತಾವ. ಸದ್ಯ `Assignee` ಖಾಲಿ ಅಂತ ಫಿಲ್ಟರ್ ಹಾಕಿದರೆ ಎರಡು ಕೆಲಸ ಸಿಗುತ್ತವೆ: ಲಕ್ಷ್ಮೇಶ್ವರದ ಸೋಮೇಶ್ವರ ಗುಡಿಯ ಹೊರಗೋಡೆ, ಮತ್ತು ಮಾಗಡಿ ಕೆರೆಯ ದಂಡೆ. ಇವು ಇಂಪೋರ್ಟಿನಲ್ಲಿ ಕಳೆದುಹೋದ ಹೆಸರುಗಳಲ್ಲ, ಹಾಳೆಯಲ್ಲೂ ಖಾಲಿಯೇ ಇದ್ದವು. ಕ್ಯಾಮೆರಾ ಇದ್ದವರು ಹೇಳ್ರಿ, ಲಾಗಿನ್ ಮಾಡಿಸಿಕೊಡ್ತೀವಿ.